ಕಂಪ್ಲಿಯ ಗದ್ದೆ, ಕೋಲಾರದ ವೈರಸ್, 644 ಜನ

ವೀಕ್ಷಕರೇ, ಫೋನ್-ಇನ್ ಕಾರ್ಯಕ್ರಮದಲ್ಲಿ ಕಂಪ್ಲಿ ಕಡೆಯಿಂದ ಒಬ್ಬ ತಾಯಿ ಮಾತಾಡಿದರು. ಸಿಟ್ಟಲ್ಲಿ ಇರಲಿಲ್ಲ, ಭಯದಲ್ಲಿದ್ದರು. "ಅಣ್ಣಾ, ನಮ್ಮ ಅಂಗನವಾಡಿಯಾಗ ಮೆದುಳು ಜ್ವರದ ಸೂಜಿ ಹಾಕ್ತಾರ. ಅದನ್ನ ಬರೇ ಆರುನೂರು ಚಿಲ್ಲರೆ ಮಂದಿ ಮ್ಯಾಲೆ ಟೆಸ್ಟ್ ಮಾಡ್ಯಾರಂತ. ಹಂಗಾರ ಈಗ ನಮ್ಮ ಹುಡುಗರ ಮ್ಯಾಲೆ ಪ್ರಯೋಗ ನಡಸಾಕತ್ತಾರೇನು?" ಅಂತ ಕೇಳಿದರು.

ಕಾರ್ಯಕ್ರಮದಲ್ಲಿ ಎರಡು ನಿಮಿಷ ಇತ್ತು. ಎರಡು ನಿಮಿಷದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡೋಕೆ ಆಗಲ್ಲ. ಆಕೆ ಹೇಳಿದ ಅಂಕಿ ಸುಳ್ಳಲ್ಲ. ಅದಕ್ಕೇ ಇವತ್ತು ಅರ್ಧ ಗಂಟೆ ಇದಕ್ಕೇ ಮೀಸಲು.

ಮೊದಲು ರೋಗದ ಬಗ್ಗೆ. ನಾವು ಮೆದುಳು ಜ್ವರ ಅಂತ ಕರೆಯೋದು ಜಪಾನೀಸ್ ಎನ್ಸೆಫಲೈಟಿಸ್ ಅನ್ನೋ ವೈರಸ್ ಕಾಯಿಲೆಯನ್ನ. ಇದನ್ನ ಹರಡೋ ಸೊಳ್ಳೆ ಮರಿ ಹಾಕೋದು ಚರಂಡಿಯಲ್ಲಿ ಅಲ್ಲ, ನೀರು ನಿಂತ ಭತ್ತದ ಗದ್ದೆಯಲ್ಲಿ. ವೈರಸ್ ಬೆಳೆಯೋದು ಹಂದಿ ಮತ್ತು ಬೆಳ್ಳಕ್ಕಿಗಳ ಮೈಯಲ್ಲಿ. ಈಗ ತುಂಗಭದ್ರಾ ಜಲಾಶಯದ ಕೆಳಗಿನ ಭೂಮಿಯನ್ನ ಕಣ್ಣ ಮುಂದೆ ತಂದುಕೊಳ್ಳಿ. ಹೊಸಪೇಟೆಯಿಂದ ಹೊರಟ ಕಾಲುವೆ, ಹಂಪಿಯ ಸುತ್ತ ಇವತ್ತಿಗೂ ನೀರು ಹರಿಸ್ತಿರೋ ವಿಜಯನಗರ ಕಾಲದ ಕಾಲುವೆಗಳು, ಕಂಪ್ಲಿಯ ಭತ್ತದ ಬಯಲು. ಸಂಡೂರಿನ ಗುಡ್ಡದ ಕಡೆ ಗದ್ದೆ ಕಡಿಮೆ, ಆದರೆ ಆಗ ಇವೆಲ್ಲ ಒಂದೇ ಬಳ್ಳಾರಿ ಜಿಲ್ಲೆ. ಸೊಳ್ಳೆಗೆ ಬೇಕಾದ ನೀರು ಇತ್ತು, ವೈರಸ್ಸಿಗೆ ಬೇಕಾದ ಹಕ್ಕಿ ಇತ್ತು, ಹಂದಿ ಇತ್ತು.

ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಮೆದುಳಿಗೆ ಏರುತ್ತೆ. ಉಳಿದವರಿಗೆ ಗೊತ್ತೇ ಆಗಲ್ಲ. ಆದರೆ ಏರಿತು ಅಂದರೆ ನೂರರಲ್ಲಿ 30 ಜನರವರೆಗೆ ಸಾಯ್ತಾರೆ, ಬದುಕಿದವರಲ್ಲೂ ಅನೇಕ ಮಕ್ಕಳಿಗೆ ಕೈಕಾಲು, ಮಾತು, ಬುದ್ಧಿ ಮೊದಲಿನ ಹಾಗೆ ಬರಲ್ಲ. ವೈರಸ್ಸನ್ನ ಕೊಲ್ಲೋ ಔಷಧಿ ಇಲ್ಲ. ಇರೋದು ಲಸಿಕೆ ಒಂದೇ.

ಈ ನಾಡಿನ ಮಕ್ಕಳಿಗೆ ಸಿಕ್ಕಿದ್ದು ಎರಡು ಲಸಿಕೆ. ಒಂದು ಚೀನಾದ್ದು, ಹೆಸರು ಎಸ್‌ಎ 14-14-2. ಜೀವಂತ ವೈರಸ್ಸನ್ನ ದುರ್ಬಲ ಮಾಡಿ ತಯಾರಿಸಿದ್ದು. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಈ ಕಾಯಿಲೆಗೆ ಬಲಿಯಾದ ಮೇಲೆ ಕೇಂದ್ರ ಸರ್ಕಾರ ಅದನ್ನ ತರಿಸಿತು. 2006ರಲ್ಲಿ ನಾಲ್ಕು ರಾಜ್ಯದ 11 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಹಾಕಿದರು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದ ಒಂದೇ ಜಿಲ್ಲೆ ಬಳ್ಳಾರಿ.

ಇನ್ನೊಂದು ನಮ್ಮದೇ. 1980ರ ದಶಕದ ಆರಂಭದಲ್ಲಿ ಕೋಲಾರದ ಒಬ್ಬ ರೋಗಿಯಿಂದ ಪ್ರತ್ಯೇಕಿಸಿದ ವೈರಸ್ಸನ್ನ ರಾಷ್ಟ್ರೀಯ ವೈರಾಣು ಸಂಸ್ಥೆ ಜೋಪಾನ ಮಾಡಿ ಇಟ್ಟಿತ್ತು. ಅದೇ ವೈರಸ್ಸನ್ನ ಬೆಳೆಸಿ, ಕೊಂದು, ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಲಸಿಕೆ ಜೆನ್‌ವ್ಯಾಕ್. 2013ರಲ್ಲಿ ಮಾರುಕಟ್ಟೆಗೆ ಬಂತು. 2022ರ ಡಿಸೆಂಬರ್‌ನಲ್ಲಿ ಗದಗ, ಹಾವೇರಿ, ಬಾಗಲಕೋಟೆ, ಉಡುಪಿ ಸೇರಿ ಇನ್ನೂ ಹತ್ತು ಜಿಲ್ಲೆಗಳಿಗೆ ನಮ್ಮ ಆರೋಗ್ಯ ಇಲಾಖೆ ಅಭಿಯಾನ ವಿಸ್ತರಿಸಿದಾಗ ಬಳಸಿದ್ದು ಇದನ್ನೇ. ಆ ತಾಯಿ ಹೇಳಿದ ಅಂಕಿ ಈ ಲಸಿಕೆಯದ್ದು. ಅದರ ಎರಡು ಮತ್ತು ಮೂರನೇ ಹಂತದ ಜಂಟಿ ಪರೀಕ್ಷೆಯಲ್ಲಿ ಇದ್ದವರು 644 ಜನ, ವಯಸ್ಸು 1ರಿಂದ 50 ವರ್ಷ.

ಹಾಗಾದರೆ 644 ಸಾಕಾ? ಇದಕ್ಕೆ ಉತ್ತರ ಪ್ರಾಣಿಗಳಿಂದ ಶುರುವಾಗುತ್ತೆ.

ಒಂದು ಹೊಸ ಗುಳಿಗೆ ಅಂದುಕೊಳ್ಳಿ. ಅದನ್ನ ಮನುಷ್ಯನ ಬಾಯಿಗೆ ಹಾಕೋ ಮುಂಚೆ ಎರಡು ಜಾತಿಯ ಪ್ರಾಣಿಗೆ ಕೊಡಬೇಕು. ಒಂದು ಇಲಿ, ಇನ್ನೊಂದು ಇಲಿ ಜಾತಿಗೆ ಸೇರದ್ದು, ಸಾಮಾನ್ಯವಾಗಿ ನಾಯಿ. ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಪ್ರಮಾಣ, ದಿನಾ, ಎರಡು ವಾರವೋ ಮೂರು ತಿಂಗಳೋ. ಆಮೇಲೆ ಪ್ರಾಣಿಯ ಲಿವರ್, ಕಿಡ್ನಿ, ಹೃದಯ ಎಲ್ಲವನ್ನೂ ಸೂಕ್ಷ್ಮದರ್ಶಕದ ಕೆಳಗೆ ನೋಡ್ತಾರೆ. ಹುಡುಕೋದು ಏನನ್ನ ಗೊತ್ತಾ? "ಎಷ್ಟಕ್ಕೆ ಸಾಯುತ್ತೆ" ಅನ್ನೋದಕ್ಕಿಂತ ಹೆಚ್ಚಾಗಿ "ಎಷ್ಟರವರೆಗೆ ಏನೂ ಆಗಲ್ಲ" ಅನ್ನೋದನ್ನ. ಇಲಿಗೆ ಪ್ರತಿ ಕೆಜಿ ತೂಕಕ್ಕೆ 62 ಮಿಲಿಗ್ರಾಂವರೆಗೆ ಏನೂ ಆಗಲಿಲ್ಲ ಅಂತ ಇಟ್ಟುಕೊಳ್ಳಿ. ಇಲಿಯ ಮೈ ಔಷಧಿಯನ್ನ ನಮಗಿಂತ ಬೇಗ ಕರಗಿಸುತ್ತೆ, ಅದಕ್ಕೆ 6.2ರಿಂದ ಭಾಗಿಸ್ತಾರೆ. 10 ಬಂತು. ಇಲಿ ಹೇಳಿದ್ದನ್ನ ಪೂರ್ತಿ ನಂಬೋ ಹಾಗಿಲ್ಲವಲ್ಲ, ಇನ್ನೊಂದು ಹತ್ತರಿಂದ ಭಾಗಿಸ್ತಾರೆ. 1 ಮಿಲಿಗ್ರಾಂ ಉಳಿಯಿತು. 60 ಕೆಜಿಯ ಆರೋಗ್ಯವಂತ ಸ್ವಯಂಸೇವಕನಿಗೆ ಮೊದಲ ದಿನ ಕೊಡೋ ಪ್ರಮಾಣ 60 ಮಿಲಿಗ್ರಾಂ ಮೀರಬಾರದು. ನಾಯಿಯ ಲೆಕ್ಕದಲ್ಲಿ ಇದಕ್ಕಿಂತ ಕಡಿಮೆ ಬಂದರೆ, ಆ ಕಡಿಮೆ ಅಂಕಿಯೇ ಗಟ್ಟಿ.

ಲಸಿಕೆಗೆ ಈ ಲೆಕ್ಕ ಹಾಗೇ ಅನ್ವಯಿಸಲ್ಲ. ಲಸಿಕೆ ದಿನಾ ತಗೊಳ್ಳೋದಲ್ಲ. ಇಲ್ಲಿ ಮೊಲಕ್ಕೋ ಇಲಿಗೋ ಸಾಧ್ಯವಾದಷ್ಟೂ ಮನುಷ್ಯನ ಪೂರ್ತಿ ಡೋಸನ್ನೇ ಕೊಡ್ತಾರೆ. ಮೂರು ಕೆಜಿ ಮೊಲಕ್ಕೆ ಒಬ್ಬ ಮನುಷ್ಯನ ಡೋಸ್! ಅಷ್ಟೇ ಅಲ್ಲ, ಮನುಷ್ಯನಿಗೆ ಎರಡು ಸೂಜಿ ಅಂತಿದ್ದರೆ ಮೊಲಕ್ಕೆ ಮೂರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹಾಗಿದೆ, ಒಂದು ಹೆಚ್ಚು. ಸೂಜಿ ಚುಚ್ಚಿದ ಜಾಗ ಕೊಳೆಯಿತಾ, ಜ್ವರ ಬಂತಾ, ತೂಕ ಇಳಿಯಿತಾ, ಒಳಗಿನ ಅಂಗಗಳಿಗೆ ಏನಾಯಿತು ಅಂತ ನೋಡ್ತಾರೆ.

ಸತ್ತ ವೈರಸ್ಸಿನ ಲಸಿಕೆಗೆ ದೊಡ್ಡ ಪ್ರಶ್ನೆ ಒಂದೇ: ನಿಜವಾಗಿ ಪೂರ್ತಿ ಸತ್ತಿದೆಯಾ? ಅದಕ್ಕೆ ಲಸಿಕೆಯ ದ್ರವವನ್ನ ವೈರಸ್ ಸುಲಭವಾಗಿ ಬೆಳೆಯೋ ಜೀವಕೋಶಗಳ ಮೇಲೆ ಹಾಕಿ, ಮತ್ತೆ ಮತ್ತೆ ದಾಟಿಸಿ, ಏನಾದರೂ ಚಿಗುರುತ್ತಾ ಅಂತ ಕಾಯ್ತಾರೆ. ಜೀವಂತ ಲಸಿಕೆಗೆ ಪ್ರಶ್ನೆ ಬೇರೆ, ಇನ್ನೂ ಕಠಿಣ. ಚೀನಾದ ಲಸಿಕೆಯ ಮೂಲ ವೈರಸ್ಸನ್ನ ಹ್ಯಾಮ್‌ಸ್ಟರ್ ಅನ್ನೋ ಪುಟ್ಟ ಪ್ರಾಣಿಯ ಕಿಡ್ನಿ ಕೋಶಗಳಲ್ಲಿ ನೂರು ಸಲ ದಾಟಿಸಿ ಹಲ್ಲು ಕಿತ್ತಿದ್ದರು. ಹಲ್ಲು ಕಿತ್ತಿದ್ದು ನಿಜವಾ ಅಂತ ನೋಡೋಕೆ ಅದನ್ನ ತೋಳಿಗಲ್ಲ, ನೇರವಾಗಿ ಇಲಿಯ ಮತ್ತು ಕೋತಿಯ ಮೆದುಳಿಗೇ ಚುಚ್ಚಿ ನೋಡಿದರು. ಓದೋಕೆ ಹಿಂಸೆ ಅನ್ನಿಸುತ್ತೆ, ನನಗೂ ಅನ್ನಿಸಿತು. ಆದರೆ ಮೆದುಳಿಗೆ ಏರೋ ವೈರಸ್ಸನ್ನ ಮಗುವಿಗೆ ಕೊಡೋ ಮುಂಚೆ ಕೇಳಲೇಬೇಕಾದ ಪ್ರಶ್ನೆ ಅದು.

ಇಷ್ಟಾದ ಮೇಲೆ ಮನುಷ್ಯರು. ಮೊದಲ ಹಂತ ಕೆಲವೇ ಹತ್ತಾರು ಆರೋಗ್ಯವಂತ ದೊಡ್ಡವರಲ್ಲಿ. ಆಗ ಕೇಳೋದು ಗುಣ ಮಾಡುತ್ತಾ ಅಂತಲ್ಲ, ಮೈಗೆ ಒಗ್ಗುತ್ತಾ ಅಂತ. ಎರಡನೇ ಹಂತದಲ್ಲಿ ಇನ್ನಷ್ಟು ಜನ, ಎಷ್ಟು ಡೋಸ್ ಸರಿ ಅನ್ನೋ ಹುಡುಕಾಟ. ಮಕ್ಕಳ ಲಸಿಕೆ ಆದರೂ ಮಗುವಿನಿಂದ ಶುರು ಮಾಡಲ್ಲ. ದೊಡ್ಡವರು, ಆಮೇಲೆ ಹದಿಹರೆಯದವರು, ಆಮೇಲೆ ಸಣ್ಣವರು, ಕೊನೆಗೆ ಕೂಸು. ಪ್ರತಿ ಮೆಟ್ಟಿಲಲ್ಲೂ ಹಿಂದಿನ ಗುಂಪಿನ ಸುರಕ್ಷತೆಯ ವರದಿ ನೋಡಿ ಮುಂದೆ ಇಳೀಬೇಕು. ತಂದೆ ತಾಯಿಯ ಸಹಿ, ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. 2009ರ ಜೂನ್‌ನಿಂದ ಪ್ರತಿ ಟ್ರಯಲ್ಲನ್ನೂ ಶುರುವಾಗೋ ಮುಂಚೆಯೇ ಸರ್ಕಾರಿ ನೋಂದಣಿಯಲ್ಲಿ ದಾಖಲಿಸೋದು ಕಡ್ಡಾಯ. ಯಾಕೆ ಮುಂಚೆಯೇ? ಫಲಿತಾಂಶ ಕೆಟ್ಟದ್ದು ಬಂದರೆ "ಅಂಥ ಟ್ರಯಲ್ಲೇ ನಡೆದಿಲ್ಲ" ಅನ್ನೋಕೆ ಆಗಬಾರದು, ಅದಕ್ಕೆ.

ಮೂರನೇ ಹಂತ ಅಂದರೆ ನಿಜವಾದ ಪರೀಕ್ಷೆ. ಕಾಯಿಲೆ ತಡೆಯುತ್ತಾ, ಇಲ್ಲವಾ? ಅದನ್ನ ನೇರವಾಗಿ ಪರೀಕ್ಷೆ ಮಾಡಿದ ಒಂದು ದೊಡ್ಡ ಉದಾಹರಣೆ ಥಾಯ್ಲೆಂಡಿನದ್ದು. 1984-85ರಲ್ಲಿ ಅಲ್ಲಿನ ಒಂದು ಪ್ರಾಂತ್ಯದಲ್ಲಿ ಸುಮಾರು 65 ಸಾವಿರ ಮಕ್ಕಳನ್ನ ಮೂರು ಗುಂಪು ಮಾಡಿದರು. ಆಗಿದ್ದ ಹಳೆಯ, ಇಲಿಯ ಮೆದುಳಲ್ಲಿ ಬೆಳೆಸಿದ ಲಸಿಕೆಯ ಎರಡು ಬಗೆಯನ್ನ ಎರಡು ಗುಂಪಿಗೆ ಕೊಟ್ಟರು. ಮೂರನೇ ಗುಂಪಿಗೆ ಮೆದುಳು ಜ್ವರದ ಲಸಿಕೆ ಇಲ್ಲ, ಬದಲಿಗೆ ಧನುರ್ವಾತದ ಸೂಜಿ. ಲಸಿಕೆ ಸಿಗದ ಸುಮಾರು 21,500 ಮಕ್ಕಳಲ್ಲಿ 11 ಮಕ್ಕಳಿಗೆ ಮೆದುಳು ಜ್ವರ ಬಂತು. ಲಸಿಕೆ ಪಡೆದ ಒಂದೊಂದು ಗುಂಪಿನಲ್ಲಿ ತಲಾ ಒಂದು ಮಗುವಿಗೆ. ಲಸಿಕೆ ನೂರಕ್ಕೆ 91ರಷ್ಟು ರಕ್ಷಣೆ ಕೊಡುತ್ತೆ ಅಂತ ಆಗ ಗೊತ್ತಾಯಿತು.

ಈಗ ಈ ಲೆಕ್ಕವನ್ನ ನಮ್ಮ 644ಕ್ಕೆ ಹಾಕಿ ನೋಡಿ. ಥಾಯ್ಲೆಂಡಿನಷ್ಟೇ ಕಾಯಿಲೆ ಇದ್ದ ಜಾಗದಲ್ಲಿ 644 ಜನರಿಗೆ ಲಸಿಕೆಯೇ ಹಾಕದೆ ಬಿಟ್ಟರೂ ಬರಬಹುದಾದ ಕೇಸ್ ಅರ್ಧವೂ ಇಲ್ಲ. ಅಂದರೆ ಹತ್ತಿರ ಹತ್ತಿರ ಸೊನ್ನೆ. ಕಾಯಿಲೆ ತಡೆಯಿತಾ ಅನ್ನೋದನ್ನ 644 ಜನರಲ್ಲಿ ಕಾಣೋಕೆ ಸಾಧ್ಯವೇ ಇರಲಿಲ್ಲ, ವೀಕ್ಷಕರೇ. ಹಾಗಾದರೆ ಥಾಯ್ಲೆಂಡಿನ ಹಾಗೆ 65 ಸಾವಿರ ಮಕ್ಕಳ ಟ್ರಯಲ್ ಮಾಡಬಹುದಿತ್ತಲ್ಲ? ಮಾಡುವ ಹಾಗಿರಲಿಲ್ಲ. ಆಗಲೇ ಕೆಲಸ ಮಾಡೋ ಲಸಿಕೆ ಒಂದು ಇದೆ. ಅದು ಗೊತ್ತಿದ್ದೂ ಕಂಪ್ಲಿಯ 20 ಸಾವಿರ ಮಕ್ಕಳನ್ನ ಲಸಿಕೆ ಇಲ್ಲದೆ ಗದ್ದೆ ಬದಿಗೆ ಬಿಟ್ಟು, ಎಷ್ಟು ಮಕ್ಕಳಿಗೆ ಮೆದುಳು ಜ್ವರ ಬರುತ್ತೆ ಅಂತ ಎಣಿಸ್ತಾ ಕೂರೋಕಾಗುತ್ತಾ? ಹಾಗೆ ಮಾಡಿದ್ದರೆ ಆ ತಾಯಿಯ ಆರೋಪ ಅಕ್ಷರಶಃ ನಿಜವಾಗ್ತಿತ್ತು.

ಅದಕ್ಕೆ ಬಳಸಿದ್ದು ಇನ್ನೊಂದು ದಾರಿ. ಲಸಿಕೆ ಪಡೆದವನ ರಕ್ತ ತೆಗೀತಾರೆ. ಅದರ ತಿಳಿಯನ್ನ ಹತ್ತು ಪಟ್ಟು ನೀರಾಗಿಸಿ ಜೀವಂತ ವೈರಸ್ ಜೊತೆ ಬೆರೆಸ್ತಾರೆ. ಅದನ್ನ ಗಾಜಿನ ತಟ್ಟೆಯಲ್ಲಿ ಹಾಸಿದ ಜೀವಕೋಶಗಳ ಮೇಲೆ ಸುರೀತಾರೆ. ವೈರಸ್ ಕೋಶಗಳನ್ನ ಕೊಂದ ಕಡೆ ತೂತು ಬೀಳುತ್ತೆ, ಬಟ್ಟೆಗೆ ನುಸಿ ಹೊಡೆದ ಹಾಗೆ. ತೂತುಗಳು ಅರ್ಧಕ್ಕರ್ಧ ಕಡಿಮೆಯಾದರೆ ಆ ವ್ಯಕ್ತಿಗೆ ರಕ್ಷಣೆ ಇದೆ ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರೋ ಅಳತೆ ಇದು. ಕಾಯಿಲೆ ಅಪರೂಪ, ಆದರೆ ರಕ್ತದ ಈ ಶಕ್ತಿ ಲಸಿಕೆ ಪಡೆದ ಪ್ರತಿಯೊಬ್ಬರಲ್ಲೂ ಅಳೀಬಹುದು. ಹಾಗಾಗಿ ಕೆಲವೇ ನೂರು ಜನರಲ್ಲೂ ಗಟ್ಟಿ ಉತ್ತರ ಸಿಗುತ್ತೆ. ಜೆನ್‌ವ್ಯಾಕ್ ಟ್ರಯಲ್‌ನಲ್ಲಿ ಹೋಲಿಕೆಗೆ ಇಟ್ಟಿದ್ದು ಖಾಲಿ ಸೂಜಿಯಲ್ಲ, ಅದೇ ಚೀನಾ ಲಸಿಕೆ. ಒಂದು ಡೋಸಿನ 28 ದಿನದ ನಂತರ ಜೆನ್‌ವ್ಯಾಕ್ ಪಡೆದವರಲ್ಲಿ ನೂರಕ್ಕೆ ಸುಮಾರು 98 ಜನ ಈ ಗೆರೆ ದಾಟಿದ್ದರು. ಚೀನಾ ಲಸಿಕೆಯಲ್ಲಿ ಸುಮಾರು 77.

ಆ ಫಲಿತಾಂಶ ಹಿಡಿದುಕೊಂಡು ಕಂಪನಿ ಹೋಗೋದು ದೆಹಲಿಯ ಔಷಧ ಮಹಾನಿಯಂತ್ರಕರ ಕಚೇರಿಗೆ. ತಜ್ಞರ ಸಮಿತಿ ಪ್ರಾಣಿಗಳ ವರದಿ, ಟ್ರಯಲ್ ವರದಿ, ತಯಾರಿಕೆಯ ವಿಧಾನ ಎಲ್ಲ ನೋಡುತ್ತೆ. ಆಮೇಲೆ ಪರವಾನಗಿ. ಅದು ಸಿಕ್ಕ ಮೇಲೂ ಲಸಿಕೆಯ ಬ್ಯಾಚ್‌ಗಳು ಹಿಮಾಚಲದ ಕಸೌಲಿಯ ಕೇಂದ್ರ ಪ್ರಯೋಗಾಲಯದ ಒಪ್ಪಿಗೆ ಪಡೆದೇ ಹೊರಗೆ ಬರಬೇಕು. ಸೂತ್ರ ಒಳ್ಳೆಯದಿದ್ದ ಮಾತ್ರಕ್ಕೆ ಬಾಟಲಿ ಒಳ್ಳೆಯದಿರುತ್ತೆ ಅಂತೇನಿಲ್ಲ. ಎರಡೂ ಬೇರೆ ಬೇರೆ ಪರೀಕ್ಷೆ.

ಅಂದ ಮೇಲೆ 644 ಸಾಕು ಅಂತ ತೀರ್ಪು ಕೊಟ್ಟು ಎದ್ದು ಹೋಗಬಹುದಿತ್ತು. ಆದರೆ ಹಾಗೆ ಹೇಳಿದರೆ ಅರ್ಧ ಸುಳ್ಳಾಗುತ್ತೆ. ಲಸಿಕೆ ಕೆಲಸ ಮಾಡುತ್ತಾ ಅನ್ನೋದಕ್ಕೆ 644 ಸಾಕು. ಅಪರೂಪದ ಅಡ್ಡಪರಿಣಾಮ ಇದೆಯಾ ಅನ್ನೋದಕ್ಕೆ ಸಾಲದು. ಇದಕ್ಕೊಂದು ಸುಲಭ ಲೆಕ್ಕ ಇದೆ, ಮನೆಯಲ್ಲೇ ಮಾಡಬಹುದು. ಟ್ರಯಲ್‌ನಲ್ಲಿ ಒಬ್ಬರಿಗೂ ಗಂಭೀರ ತೊಂದರೆ ಆಗಲಿಲ್ಲ ಅಂತಾದರೆ, ಜನರ ಸಂಖ್ಯೆಯನ್ನ ಮೂರರಿಂದ ಭಾಗಿಸಿ. 644 ಜನರೂ ಅದೇ ಲಸಿಕೆ ಪಡೆದಿದ್ದರು ಅಂತಲೇ ಇಟ್ಟುಕೊಂಡರೂ ಬರೋದು ಸುಮಾರು 215. ಅಂದರೆ ಎದೆ ತಟ್ಟಿ ಹೇಳಬಹುದಾದ್ದು ಇಷ್ಟೇ: ತೊಂದರೆಯ ಸಾಧ್ಯತೆ 215ರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ಲಕ್ಷಕ್ಕೆ ಒಂದು ಬರೋ ತೊಂದರೆ ಇದ್ದರೆ ಅದು ಆ ಟ್ರಯಲ್ ಕಣ್ಣಿಗೆ ಬೀಳೋದೇ ಇಲ್ಲ. ಜೀವಂತ ಲಸಿಕೆ ಅನ್ನೋ ಕಾರಣಕ್ಕೇ ಎಸ್‌ಎ 14-14-2ರ ಸುರಕ್ಷತೆಯನ್ನ ಚೀನಾದಲ್ಲಿ 26 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ನೋಡಿದ್ದರು, ಅರ್ಧದಷ್ಟು ಮಕ್ಕಳಿಗೆ ಲಸಿಕೆ, ಉಳಿದವರಿಗೆ ಇಲ್ಲ. 30 ದಿನದಲ್ಲಿ ಎರಡೂ ಗುಂಪಿನಲ್ಲಿ ಮೆದುಳು ಜ್ವರ ಕಾಣಲಿಲ್ಲ. ಅಲ್ಲಿಯೂ ಅದೇ ಲೆಕ್ಕ ಹಾಕಿ: 13 ಸಾವಿರವನ್ನ ಮೂರರಿಂದ ಭಾಗಿಸಿದರೆ ಸುಮಾರು 4,300. ಅದಕ್ಕಿಂತ ಅಪರೂಪದ್ದನ್ನ ಅದೂ ಕಾಣಲಾರದು.

ಆ ಅಪರೂಪದ್ದನ್ನ ಹಿಡಿಯೋದೇ ನಾಲ್ಕನೇ ಹಂತ, ಒಪ್ಪಿಗೆಯ ನಂತರದ ನಿಗಾ. ಆ ತಾಯಿಗೆ ನಾನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮಾತು ಇಲ್ಲಿದೆ. ಈ ಅರ್ಥದಲ್ಲಿ ಲಸಿಕೆ ಪಡೆದ ಪ್ರತಿ ಮಗುವೂ ಒಂದು ಲೆಕ್ಕದಲ್ಲಿ ಸೇರಿಕೊಳ್ಳುತ್ತೆ. ಪ್ರಶ್ನೆ ಇರೋದು ಆ ಲೆಕ್ಕವನ್ನ ಯಾರಾದರೂ ಸರಿಯಾಗಿ ಬರೀತಿದ್ದಾರಾ ಅನ್ನೋದರಲ್ಲಿ.

2006ರದ್ದನ್ನೇ ನೋಡಿ. 11 ಜಿಲ್ಲೆಗಳಲ್ಲಿ ಸುಮಾರು 93 ಲಕ್ಷ ಮಕ್ಕಳಿಗೆ ಸೂಜಿ ಬಿತ್ತು. 65 ಗಂಭೀರ ಪ್ರಕರಣಗಳು ವರದಿಯಾದವು, ಅದರಲ್ಲಿ 22 ಸಾವು. ಸುದ್ದಿ ಹಬ್ಬಿತು, ಊರೂರಲ್ಲಿ ಭಯ. ತಜ್ಞರ ಸಮಿತಿ ಪರಿಶೀಲಿಸಿ, ಈ ಸಾವುಗಳಿಗೂ ಲಸಿಕೆಗೂ ನೇರ ಸಂಬಂಧ ಕಾಣಲಿಲ್ಲ ಅಂತ ಹೇಳಿತು. ಮುಚ್ಚಿ ಹಾಕಿದರು ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಒಂದು ಅಂದಾಜಿನ ಲೆಕ್ಕ ಮಾಡೋಣ. ಲಸಿಕೆ ಇರಲಿ ಬಿಡಲಿ, ಆ ವಯಸ್ಸಿನ ಸಾವಿರ ಮಕ್ಕಳಲ್ಲಿ ವರ್ಷಕ್ಕೆ ಇಬ್ಬರು ಬೇರೆ ಬೇರೆ ಕಾರಣಕ್ಕೆ ಸಾಯ್ತಾರೆ ಅಂತ ಇಟ್ಟುಕೊಳ್ಳಿ. ನ್ಯುಮೋನಿಯಾ, ವಾಂತಿಭೇದಿ, ಹಾವು, ನೀರಿಗೆ ಬಿದ್ದು. 93 ಲಕ್ಷಕ್ಕೆ ಅದು ವರ್ಷಕ್ಕೆ 18,600, ದಿನಕ್ಕೆ ಸುಮಾರು 51. ಅಂದರೆ ಸೂಜಿ ಹಾಕಿದ ಒಂದು ವಾರದೊಳಗೆ, ಸೂಜಿಗೆ ಸಂಬಂಧವೇ ಇಲ್ಲದೆ, 350 ಮಕ್ಕಳಾದರೂ ತೀರಿಹೋಗಿರಬೇಕು. ವರದಿಯಾದದ್ದು 22.

ಈ ಅಂಕಿ ಎರಡು ಮಾತು ಹೇಳುತ್ತೆ. ಲಸಿಕೆಯಿಂದ ಸಾವು ಹೆಚ್ಚಾಯಿತು ಅನ್ನೋಕೆ ಇದರಲ್ಲಿ ಆಧಾರ ಇಲ್ಲ. ಹಾಗೇ, ನಮ್ಮ ನಿಗಾ ವ್ಯವಸ್ಥೆ ಆಗ ಎಷ್ಟು ತೆಳುವಾಗಿತ್ತು ಅನ್ನೋದೂ ಇದರಲ್ಲೇ ಇದೆ. 350 ಸಾವು ನಡೆದಿರಬೇಕಾದ ಕಡೆ 22 ಮಾತ್ರ ಕಾಗದಕ್ಕೆ ಬಂದಿದ್ದರೆ, ನಿಜವಾಗಿ ಲಸಿಕೆಯಿಂದ ಒಂದೆರಡು ಸಾವು ಆಗಿದ್ದರೂ ಅದನ್ನ ಹಿಡಿಯೋದು ಹೇಗೆ? ನನಗೆ ಆ ಅಭಿಯಾನದಲ್ಲಿ 22 ಅನ್ನೋ ಸಂಖ್ಯೆಗಿಂತ ಅದು ಅಷ್ಟು ಕಡಿಮೆ ಇದ್ದದ್ದೇ ಹೆಚ್ಚು ಚಿಂತೆಯ ವಿಷಯ.

ತನಿಖೆ ಮಾಡೋರು ನೋಡೋದು ಸಂಖ್ಯೆಯನ್ನ ಮಾತ್ರ ಅಲ್ಲ. ತೊಂದರೆಯಾದ ಮಕ್ಕಳು ಬೇರೆ ಬೇರೆ ಊರಲ್ಲಿ ಚದುರಿದ್ದಾರಾ, ಇಲ್ಲ ಒಂದೇ ಉಪಕೇಂದ್ರದಲ್ಲಿ, ಒಂದೇ ಬಾಟಲಿಯಿಂದ ಸೂಜಿ ಪಡೆದವರಾ? ಒಂದೇ ಬಾಟಲಿ ಆದರೆ ಅನುಮಾನ ಹೋಗೋದು ಲಸಿಕೆಯ ಸೂತ್ರದ ಮೇಲಲ್ಲ, ಬಾಟಲಿ ಬಳಸಿದ ರೀತಿಯ ಮೇಲೆ. ಜೀವಂತ ಲಸಿಕೆ ಪುಡಿಯ ರೂಪದಲ್ಲಿ ಬರುತ್ತೆ, ದ್ರವದಲ್ಲಿ ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಉಳಿದರೆ ಎಸೀಬೇಕು. ಬೆಳಗ್ಗೆ ಕಲಸಿದ್ದನ್ನ ಸಂಜೆಗೂ ಬಳಸಿದರೆ ಒಳ್ಳೆಯ ಲಸಿಕೆಯಲ್ಲೂ ಕೀವಿನ ಸೋಂಕು ಹುಟ್ಟುತ್ತೆ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಲಕ್ಷಣ, ಸೂಜಿ ಹಾಕಿ ಅಷ್ಟೇ ದಿನಕ್ಕೆ ಶುರುವಾಗಿದ್ದರೆ, ಊರು ಬೇರೆ ಬೇರೆ ಆಗಿದ್ದರೆ, ಆಗ ಲಸಿಕೆಯನ್ನೇ ಅನುಮಾನಿಸಬೇಕು.

ಕಾರ್ಯಕ್ರಮ ಮುಗಿದ ಮೇಲೆ ಆ ತಾಯಿಗೆ ನಾವೇ ವಾಪಸ್ ಫೋನ್ ಮಾಡಿದೆವು. ಇಷ್ಟನ್ನೂ ಹೇಳಿದೆ. ಕೇಳಿಸಿಕೊಂಡು ಆಕೆ ಇನ್ನೊಂದು ಪ್ರಶ್ನೆ ಕೇಳಿದರು. "ನಮ್ಮಕ್ಕನ ಮಗಳಿಗೆ ಆಗ ಒಂದೇ ಸೂಜಿ ಹಾಕಿದ್ರು. ಈಗ ಎರಡು ಅಂತಾರ. ಯಾಕ?"

ಒಳ್ಳೆ ಪ್ರಶ್ನೆ. 2006ರಲ್ಲಿ ಒಂದೇ ಡೋಸ್ ಸಾಕು ಅಂದುಕೊಂಡಿದ್ದರು. ಉತ್ತರ ಪ್ರದೇಶದಲ್ಲಿ ಕಾಯಿಲೆ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಒಂದು ಡೋಸಿನ ರಕ್ಷಣೆ ನೂರಕ್ಕೆ 94ರಷ್ಟು ಕಂಡಿತ್ತು. ಆದರೆ ಅದು ಸೂಜಿ ಬಿದ್ದ ಹೊಸತರ ಲೆಕ್ಕ. ಕಾಲ ಕಳೆದ ಹಾಗೆ ಅನೇಕ ಮಕ್ಕಳ ರಕ್ತದಲ್ಲಿ ಆ ಶಕ್ತಿ ಇಳಿದದ್ದು ಆಮೇಲೆ ಗೊತ್ತಾಯಿತು. 2013ರಿಂದ ಎರಡು ಡೋಸ್ ಮಾಡಿದರು, ಒಂದು ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆಯ ಜೊತೆಗೆ, ಇನ್ನೊಂದು 16ರಿಂದ 24 ತಿಂಗಳ ಒಳಗೆ. ಮೊದಲನೆಯದು ಚೀನಾದ್ದು, ಎರಡನೆಯದು ಜೆನ್‌ವ್ಯಾಕ್ ಆದರೆ ನಡೆಯುತ್ತಾ ಅನ್ನೋದನ್ನೂ ಮಕ್ಕಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ, ನಡೆಯುತ್ತೆ.

ಆಕೆಯ ಮಗುವಿನ ತಾಯಿ ಕಾರ್ಡಿನಲ್ಲಿ ಮೊದಲನೆಯದರ ತಾರೀಕು ಇತ್ತು, ಎರಡನೆಯದರ ಕೋಣೆ ಖಾಲಿ. ಮಗುವಿಗೆ ಈಗ 18 ತಿಂಗಳು. ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಬಾಟಲಿಯನ್ನ ಎಷ್ಟು ಹೊತ್ತಿಗೆ ಕಲಸಿದ್ದು ಅಂತ ನರ್ಸಮ್ಮನ್ನ ಕೇಳಿ, ಜ್ವರ ಇಳಿಯದಿದ್ದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಆಶಾ ಕಾರ್ಯಕರ್ತೆಗೂ ಹೇಳಿ ಬರೆಸಿ ಅಂದೆ. "ಬಾಟ್ಲಿ ಟೈಮ್ ಕೇಳಿದ್ರ ಸಿಸ್ಟರ್ ಬೈತಾರೋ ಏನೋ" ಅಂದರು. ಬೈದರೂ ಕೇಳಿ ಅಂದೆ.